ಇಪ್ಪತ್ತು ನಿಮಿಷದ ಭಾಷಣ, ಐದು ಸಾಲಿನ ಚೀಟಿ

ಹನಕೆರೆಯಿಂದ ಹತ್ತಿರದ ಕಾರ್ಖಾನೆಗೆ ಶಿಫ್ಟ್‌ಗೆ ಹೋಗುವ ಹುಡುಗರು ಒಂದು ಆಡಿಯೊ ಕಳಿಸಿದ್ದರು. ಕೊಳಚೆ ನೀರಿನ ಟ್ಯಾಂಕ್ ತೊಳೆಯುವ ಮುಂಚೆ ಸುರಕ್ಷತಾ ಅಧಿಕಾರಿ ಆಡಿದ ಇಪ್ಪತ್ತು ನಿಮಿಷದ ಮಾತು ಅದು. ಇದನ್ನು ಗೋಡೆಗೆ ಅಂಟಿಸುವ ಚೀಟಿ ಮಾಡಿಕೊಡಿ ಅಂದರು. ನಾವು ಕೂತು ಕೇಳಿದೆವು.

ಮುಖ್ಯವಾದ ಮಾತು ಹದಿನೇಳನೇ ನಿಮಿಷದಲ್ಲಿತ್ತು: 'ಒಳಗೆ ಯಾರಾದರೂ ಬಿದ್ದರೆ ಹಿಂದೆ ಇಳಿಯಬೇಡಿ.' 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜಪೆ ಬಳಿಯ ಮೀನು ಕಾರ್ಖಾನೆಯ ತ್ಯಾಜ್ಯದ ಟ್ಯಾಂಕ್‌ಗೆ ಒಬ್ಬ ಬಿದ್ದ, ಎತ್ತಲು ಉಳಿದವರು ಇಳಿದರು. ಐವರು ಸತ್ತರು. ಕೊಳೆತ ಕಡೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಮೊದಲು ಕೊಳೆತ ಮೊಟ್ಟೆ ನಾತ, ಜಾಸ್ತಿಯಾದರೆ ಮೂಗು ಮರಗಟ್ಟಿ ನಾತವೇ ತಿಳಿಯುವುದಿಲ್ಲ. 'ವಾಸನೆ ಹೋಯ್ತು, ಇಳಿ' ಅನ್ನುವುದು ಅದಕ್ಕೇ ಅಪಾಯ. ಹಾಗಾಗಿ ಚೀಟಿ ಭಾಷಣದ ಕ್ರಮದಲ್ಲಿ ಇರಬಾರದು, ಜೀವ ತೆಗೆಯುವುದು ಮೊದಲ ಸಾಲಿಗೆ ಬರಬೇಕು ಅನ್ನುವುದು ನಮ್ಮ ವಾದ.

ಇನ್ನೊಂದು ತೊಡಕು ನೋಡಿ. ಅಧಿಕಾರಿ ಬೆರಳು ತೋರಿಸಿ 'ಇದನ್ನ ಬಂದ್ ಮಾಡಿ' ಅಂದಿದ್ದಾರೆ. ಆಡಿಯೊದಲ್ಲಿ ಬೆರಳು ಕಾಣುವುದಿಲ್ಲವಲ್ಲ! ಊಹಿಸಿ ಬರೆಯುವ ಹಾಗಿಲ್ಲ. ಹುಡುಗರು ಫೋನ್ ಹಿಡಿದು ಟ್ಯಾಂಕ್ ಹತ್ತಿರ ಹೋಗಿ, ಅಧಿಕಾರಿಯನ್ನೇ ಕೇಳಿ, ವಾಲ್ವ್ ಮೇಲೆ ಬರೆದಿದ್ದ ನಂಬರ್ ತಂದರು. 'ಚೆನ್ನಾಗಿ ಗಾಳಿಯಾಡಲಿ' ಅನ್ನುವುದೂ ಹಾಗೇ. ಎಷ್ಟು ಗಾಳಿ? ಅದನ್ನು ಮೀಟರ್ ಹೇಳಬೇಕು. ಆಡಿಯೊದಲ್ಲಿ ಆ ಅಂಕಿ ಇರಲಿಲ್ಲ, ಅದನ್ನೂ ಅವರಿಂದಲೇ ಕೇಳಿ ಬರೆದುಕೊಂಡೆವು. ಕಾಯ್ದೆ, ಕಂಪನಿಯ ಹಿರಿಮೆ, ಹಳೆಯ ಕಥೆ ಎಲ್ಲ ಬಿಟ್ಟೆವು.

ಉಳಿದದ್ದು ಇಷ್ಟು:

ಯಾರಾದರೂ ಬಿದ್ದರೆ ಇಳಿಯಬೇಡಿ. ಕೂಗಿ, ಹಗ್ಗದಿಂದ ಎಳೆಯಿರಿ.
ಇವತ್ತಿನ ತಾರೀಕಿನ ಪರ್ಮಿಟ್‌ಗೆ ಸಹಿ ಬಿದ್ದಿದೆಯೇ?
3ನೇ ವಾಲ್ವ್, ಪಂಪು ಬಂದ್ ಮಾಡಿ ಬೀಗ ಹಾಕಿದೆಯೇ? ಬ್ಲೋಯರ್ ಓಡುತ್ತಿದೆಯೇ?
ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ನೋಡಿದಿರಾ? ಆಮ್ಲಜನಕ 19.5ರಿಂದ 23.5ರೊಳಗೆ ಇರಬೇಕು. ಮೀಟರ್ ಕೂಗಿದರೆ ಯಾರೂ ಇಳಿಯಬೇಡಿ.
ಇಳಿಯುವವನಿಗೆ ಬೆಲ್ಟ್, ಹಗ್ಗ ಇದೆಯೇ? ಮೇಲೆ ಒಬ್ಬ ನಿಂತಿದ್ದಾನೆಯೇ?

ಕೊನೆಯ ಸಾಲಿನ 'ಮೇಲೆ ಒಬ್ಬ' ಕೂಡ ಆಡಿಯೊದಲ್ಲಿ ಇರಲಿಲ್ಲ. ನಾವಾಗೇ ಸೇರಿಸದೆ ಅಧಿಕಾರಿಗೆ ತೋರಿಸಿದೆವು. ಅವರು ಓದಿ, ಇದು ಇರಲೇಬೇಕು ಅಂತ ತಾವೇ ಬರೆದು ಸಹಿ ಹಾಕಿದರು. ಅವರ ಸಹಿ ಇಲ್ಲದ ಚೀಟಿ ಬರೀ ನಮ್ಮ ಬರಹ, ಅದನ್ನು ಗೋಡೆಗೆ ಅಂಟಿಸಬಾರದು. ಬಜಪೆಯಲ್ಲಿ ಸತ್ತವರು ಪಶ್ಚಿಮ ಬಂಗಾಳದಿಂದ ಬಂದವರು. ಹೊರ ರಾಜ್ಯದವರು ಇರುವ ಕಡೆ ಕನ್ನಡದ ಒಂದೇ ಚೀಟಿ ಸಾಲದು, ಅವರ ಭಾಷೆಯದ್ದೂ ಪಕ್ಕದಲ್ಲಿರಲಿ.

ಆಮೇಲೆ ಭಾಷಣ ಕೇಳದ ಹೊಸ ಹುಡುಗನ ಕೈಗೆ ಚೀಟಿ ಕೊಟ್ಟು, ಖಾಲಿ ಟ್ಯಾಂಕಿನ ಹೊರಗೆ ನಿಂತು ಮಾಡಿ ತೋರಿಸಲು ಹೇಳಿದರು. ಮೂರನೇ ಸಾಲಿಗೆ ಅವನು ನಿಂತುಬಿಟ್ಟ: 'ಬೀಗ ಎಲ್ಲಿದೆ, ಕೀ ಯಾರ ಹತ್ತಿರ?' ಈಗ ಆ ಸಾಲಿನ ಪಕ್ಕದಲ್ಲಿ, ಕೀ ಒಳಗೆ ಇಳಿಯುವವನ ಜೇಬಿನಲ್ಲೇ ಇರಬೇಕು ಅಂತ ಬರೆದಿದೆ.