ಬರೀ 'ಹಾರರ್' ಅಂದ್ರೆ ಸಾಕಾ?

ಈ ಸಂಚಿಕೆಗೆ ಕಥೆ ಬೇಕೆಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾವು ಹಾಕಿದ್ದು ಒಂದೇ ಸಾಲು: 'ಸಣ್ಣಕಥೆ ಕಳಿಸಿ, ಹಾರರ್ ಅಥವಾ ಕಾಮಿಡಿ.' ಎಷ್ಟು ಪುಟ, ಯಾರ ಬಗ್ಗೆ, ಯಾರು ಓದೋದು ಅಂತ ಹೇಳಲಿಲ್ಲ. ಸ್ವಾತಂತ್ರ್ಯ ಕೊಟ್ಟಿದ್ದೇವೆ ಅಂದುಕೊಂಡೆವು. ಬಂದ ಕಥೆಗಳಲ್ಲಿ ಹೆಚ್ಚಿನವು ಅಮಾವಾಸ್ಯೆ, ಬಿಳಿ ಸೀರೆ, ಕೊನೆಗೆ 'ಅದೆಲ್ಲ ಕನಸು'. ತಪ್ಪು ಬರೆದವರದ್ದಲ್ಲ, ಕೇಳಿದ ನಮ್ಮದು.

ಯಾಕೆಂದರೆ ಹಾರರ್, ಕಾಮಿಡಿ ಎಂಬುದು ಕಥಾವಸ್ತು ಅಲ್ಲ. ಓದುಗನಿಗೆ ಏನಾಗಬೇಕು ಅನ್ನುವುದಷ್ಟೇ. 'ನಾಳೆ ಬಾ' ಕಥೆಯನ್ನೇ ತೆಗೆದುಕೊಳ್ಳಿ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ಈ ಎರಡು ಪದ ಇದ್ದವು. ರಾತ್ರಿ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ ಎಂಬ ನಂಬಿಕೆ. 2018ರ ಹಿಂದಿ ಸಿನಿಮಾ 'ಸ್ತ್ರೀ' ಇದೇ ಎಳೆಯನ್ನಿಟ್ಟು ಹೆದರಿಸಿತು, ನಗಿಸಿತು ಕೂಡ.

ಈಗ ಇದನ್ನು ಇನ್ನಂಜೆಗೆ ತರೋಣ. ರೈಲ್ವೆ ಸ್ಟೇಷನ್ ಹತ್ತಿರದ ಬಾಡಿಗೆ ಕೋಣೆ, ಮಳೆ, ಕರೆಂಟಿಲ್ಲ. ಒಳಗೆ ಒಬ್ಬಳೇ ಹುಡುಗಿ. ಹೊರಗಿನಿಂದ ಅಮ್ಮನ ದನಿ: 'ಬಾಗಿಲು ತೆಗಿ ಮಗಾ.' ಅಮ್ಮನ ಜೊತೆ ಅವಳು ಆಗಲೇ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಇದು ಹಾರರ್. ಹೊರಗೆ ಯಾರಿದ್ದಾರೆಂದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 150 ಪದ ಸಾಕು. ಉದ್ದ ಮಾಡಿ ದೆವ್ವದ ಪೂರ್ವಕಥೆ ಹೇಳಿದರೆ ಹೆದರಿಕೆ ಹೋಗುತ್ತದೆ.

ಅದೇ ಕೋಣೆಯಲ್ಲಿ ನಾಲ್ಕು ಹುಡುಗರನ್ನು ಕೂರಿಸಿ. ಬಾಗಿಲಲ್ಲಿ 'ನಾಳೆ ಬಾ' ಬರೆದಿದ್ದಾರೆ. ದೆವ್ವಕ್ಕೆ ಮಾತ್ರ ತುಳು ಬಿಟ್ಟು ಬೇರೆ ಬರೋದಿಲ್ಲ. ಅದು ಓದುಗನಿಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಕೊನೆಗೆ ಒಬ್ಬ ಎದ್ದು 'ಎಲ್ಲೆ ಬಲ' ಅಂತ ಬರೆಯಬೇಕು. ಇದು ಕಾಮಿಡಿ. ಇದಕ್ಕೆ ಜಾಗ ಬೇಕು, ದೆವ್ವ ಎರಡು ಮೂರು ಸಲವಾದರೂ ಬಂದು ಗೊಂದಲದಲ್ಲಿ ನಿಲ್ಲಬೇಕು. ಆದರೆ ಈ ನಗು ಕಾಪು, ಕಾರ್ಕಳದವರಿಗೆ ಮಾತ್ರ. ಬೀದರಿನಿಂದ ಬಂದ ನಮ್ಮ ಕ್ಲಾಸ್‌ಮೇಟ್ 'ಎಲ್ಲೆ' ಅಂದರೆ ಗಡಿ ಅಂದುಕೊಳ್ಳುತ್ತಾನೆ. ಅವನೂ ನಗಬೇಕಾದರೆ ಹುಡುಗರಲ್ಲಿ ಒಬ್ಬ ಬೀದರಿನವನಾಗಲಿ, ಅರ್ಥ ಅವನೇ ಕೇಳಲಿ.

ವಸ್ತು ಒಂದೇ. ಒಳಗೆ ಎಷ್ಟು ಜನ, ಯಾರಿಗೆ ಏನು ಗೊತ್ತು, ಓದುವವರು ಯಾರು ಎಂಬುದು ಬದಲಾದ ಕೂಡಲೇ ಕಥೆಯೇ ಬೇರೆಯಾಯಿತು.

ಹಾಗಾಗಿ ಮುಂದಿನ ಸಲ ನಮ್ಮ ನೋಟಿಸ್ ಹೀಗಿರಲಿ: '400 ಪದದೊಳಗೆ, ಎರಡೇ ಪಾತ್ರ, ಓದುವವರು ತುಳು ಬಾರದ ಫಸ್ಟ್ ಇಯರ್‌ನವರು, ಹಾರರ್.' ಇದು ಕಟ್ಟಿಹಾಕಿದಂತೆ ಅಲ್ವಾ ಅಂತ ಕೇಳಬಹುದು. ಹೌದು, ಇದರಲ್ಲಿ ಹಿಡಿಸದ ಒಳ್ಳೆಯ ಕಥೆಯೂ ಇರುತ್ತದೆ, ಅದನ್ನೂ ಕಳಿಸಿ. ಆದರೆ ಎಲ್ಲವನ್ನೂ ತೆರೆದಿಟ್ಟಾಗ ನಮಗೆ ಸಿಕ್ಕಿದ್ದು ಬಿಳಿ ಸೀರೆ ಮಾತ್ರ.