ಎರಡನೆಯ ಪತ್ರ

ಹುನಗುಂದದ ನನ್ನ ಬಾಲ್ಯಮಿತ್ರನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ದುಡಿದವನು. ಕಂಪನಿಯು ನೂರಾರು ಜನರನ್ನು ಒಮ್ಮೆಲೇ ಕೆಲಸದಿಂದ ತೆಗೆದಾಗ ಅವನ ಹೆಸರೂ ಆ ಪಟ್ಟಿಯಲ್ಲಿತ್ತು. ಅವನು ಊರಿಗೆ ಮರಳಿದ ಸುದ್ದಿ ತಿಳಿದ ದಿನವೇ ಉದ್ದನೆಯ ಪತ್ರ ಬರೆದೆ: ಇಂಥಲ್ಲಿ ಅರ್ಜಿ ಹಾಕು, ಇಂಥವರನ್ನು ಕಾಣು, ಇಂಥ ಹೊಸ ವಿದ್ಯೆ ಕಲಿ. ಉತ್ತರವಾಗಿ ಬಂದದ್ದು ಒಂದೇ ಮಾತು: “ಆಗಲಿ.” ಆಮೇಲೆ ಮೌನ.

ತಪ್ಪು ನನ್ನದೇ. ಎಲ್ಲಿ ಅರ್ಜಿ ಹಾಕಬೇಕೆಂಬುದು ಬಾಗಲಕೋಟೆಯಲ್ಲಿ ಕುಳಿತ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ನನ್ನ ಒಂದೊಂದು ಸಲಹೆಯಲ್ಲಿಯೂ ಅವನಿಗೆ ಕೇಳಿಸಿದ್ದು, “ಇದನ್ನೂ ಇನ್ನೂ ಮಾಡಿಲ್ಲವೇ?” ಎಂಬ ಆಕ್ಷೇಪಣೆ. ಮೇಲಾಗಿ, ಮಾಡಿದೆನೋ ಇಲ್ಲವೋ ಎಂದು ನನಗೆ ಲೆಕ್ಕ ಒಪ್ಪಿಸುವ ಹೊರೆ ಬೇರೆ.

ಆಸ್ಟ್ರಿಯದ ಮಾರಿಯೆಂಟಾಲ್ ಎಂಬ ಹಳ್ಳಿಯ ಕಥೆ ಆಗ ನೆನಪಾಯಿತು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಆ ಜನರ ಬದುಕನ್ನು ಮಾರೀ ಯಹೋಡಾ ಮತ್ತು ಸಂಗಡಿಗರು ಹತ್ತಿರದಿಂದ ಕಂಡು, 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬೇಕಾದಷ್ಟು ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡೇ ವರ್ಷಗಳಲ್ಲಿ ಅರ್ಧಕ್ಕಿಳಿದಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು. ಹಲವರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಕೆಲಸದೊಡನೆ ಹೋಗುವುದು ಸಂಬಳವೊಂದೇ ಅಲ್ಲ. ದಿನದ ಗಡಿಯಾರವೂ, ನಾಲ್ಕು ಜನರ ಒಡನಾಟವೂ ಹೋಗುತ್ತವೆ. ಸಂಬಳವನ್ನು ನಾನು ಕೊಡಲಾರೆ. ಉಳಿದೆರಡನ್ನು ಒಂದಿಷ್ಟು ಕೊಡಬಲ್ಲೆ.

ಆದುದರಿಂದ ಎರಡನೆಯ ಪತ್ರವನ್ನು ಹೀಗೆ ಬರೆದೆ:

“ಪ್ರಿಯ ಮಿತ್ರ, ಹಿಂದಿನ ಪತ್ರವನ್ನು ಮರೆತುಬಿಡು. ನಿನಗಾದದ್ದು ಕೇಳಿ ನನಗೆ ಬಹಳ ನೋವಾಗಿದೆ. ರವಿವಾರ ಬೆಳಗಿನ ಬಸ್ಸಿಗೆ ಬಂದು ಸಂಜೆಯವರೆಗೆ ನಿನ್ನೊಡನೆ ಇರುತ್ತೇನೆ. ಬೇಡವೆನಿಸಿದರೆ ‘ಬೇಡ’ ಎಂದಷ್ಟೇ ತಿಳಿಸು, ಕಾರಣ ಕೇಳೆನು. ನೌಕರಿಯ ಮಾತನ್ನು ನೀನಾಗಿ ಎತ್ತುವವರೆಗೆ ನಾನು ಎತ್ತುವುದಿಲ್ಲ. ಅವ್ವನವರನ್ನು ಕಣ್ಣು ತೋರಿಸಲು ಇಳಕಲ್ಲಿಗೆ ಕರೆದೊಯ್ಯುವುದಿದ್ದರೆ ಮೂವರೂ ಹೋಗೋಣ. ಮುಂದಿನ ರವಿವಾರ ಬಾದಾಮಿಗೆ ಹೋಗಿ ಅಗಸ್ತ್ಯತೀರ್ಥದ ದಂಡೆಯಲ್ಲಿ ಕುಳಿತು ಬರೋಣ. ದಾರಿಯಲ್ಲಿ ಪರಿಚಯದವರು ‘ಎಷ್ಟು ದಿನ ರಜೆ?’ ಎಂದು ಕೇಳದೆ ಇರುವುದಿಲ್ಲ. ಏನು ಹೇಳಬೇಕೆಂಬುದನ್ನು ನೀನು ಗೊತ್ತುಮಾಡು. ನಾನೂ ಅಷ್ಟನ್ನೇ ಹೇಳುತ್ತೇನೆ. ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ, ಮೂರನೆಯ ತಿಂಗಳಿಗೆ ಯಾರೂ ಇರುವುದಿಲ್ಲ. ಆಗಲೂ ನಾನು ಬರುತ್ತೇನೆ.”

‘ಏನಾದರೂ ಬೇಕಾದರೆ ತಿಳಿಸು’ ಎಂದು ಬರೆಯಲಿಲ್ಲ. ಹಾಗೆ ಬರೆದರೆ ಕೇಳುವ ಸಂಕೋಚವೂ ಅವನ ಪಾಲಿಗೇ ಬರುತ್ತಿತ್ತು. ದಿನವನ್ನೂ ವೇಳೆಯನ್ನೂ ನಾನೇ ಹೇಳಿದಾಗ ಅವನಿಗೆ ಉಳಿದದ್ದು ಒಪ್ಪುವುದು ಇಲ್ಲವೆ ಬಿಡುವುದು.

ಮರುದಿನವೇ ಉತ್ತರ ಬಂದಿತು: “ಬಾರಪಾ. ಅವ್ವ ರೊಟ್ಟಿ ಮಾಡತಾಳ.”

ಆ ರವಿವಾರ ಅವನು ಬಸ್‌ನಿಲ್ದಾಣಕ್ಕೆ ನನಗಿಂತ ಮೊದಲೇ ಬಂದು ನಿಂತಿದ್ದ. ಕೈಯಲ್ಲಿ ಗಡಿಯಾರವಿತ್ತು.