ಹೊಸ ವರ್ಷಕ್ಕೆ ಕಾಲು ಭಾಗದ ಸಂಕಲ್ಪ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಹಿರಿಯರ ಮಾತನ್ನು ನಾವು ಹಣಕಾಸಿನ ವಿಷಯಕ್ಕೆ ಮಾತ್ರ ಬಳಸುತ್ತೇವೆ. ಜನವರಿಯ ಮೊದಲ ವಾರದಲ್ಲಿ ಅದನ್ನು ಸಂಕಲ್ಪಗಳಿಗೂ ಅನ್ವಯಿಸುವುದು ಲೇಸು. ಚಹಾ ಬಿಡುತ್ತೇನೆ, ರಾತ್ರಿಯೂಟ ತ್ಯಜಿಸುತ್ತೇನೆ, ನಸುಕಿನ ನಾಲ್ಕಕ್ಕೆ ಏಳುತ್ತೇನೆ ಎಂದು ಒಂದೇ ದಿನ ಪ್ರತಿಜ್ಞೆ ಮಾಡಿದವರಲ್ಲಿ ಅನೇಕರು ಸಂಕ್ರಾಂತಿಯ ಹೊತ್ತಿಗೆ ಮೂರನ್ನೂ ಕೈಬಿಟ್ಟಿರುತ್ತಾರೆ. ಇದಕ್ಕೆ ಮನಸ್ಸಿನ ದೌರ್ಬಲ್ಯವೇ ಕಾರಣವೆಂದು ನಾನು ಒಪ್ಪುವುದಿಲ್ಲ. ಬಹುಕಾಲದಿಂದ ಒಗ್ಗಿದ್ದನ್ನು ಹಠಾತ್ತನೆ ಕಿತ್ತುಕೊಂಡರೆ ದೇಹವೇ ತಿರುಗಿಬೀಳುತ್ತದೆ.

ಹೀಗೆ ಒಗ್ಗಿರುವುದನ್ನು ಆಯುರ್ವೇದವು ‘ಸಾತ್ಮ್ಯ’ ಎನ್ನುತ್ತದೆ. ಅಹಿತವಾದುದೂ ಅಭ್ಯಾಸದಿಂದ ಸಾತ್ಮ್ಯವಾಗಬಲ್ಲದು. ಆದ್ದರಿಂದ ಅದನ್ನು ಕಾಲುಕಾಲು ಭಾಗವಾಗಿ ಬಿಡುತ್ತ, ಹಿತವಾದುದನ್ನು ಅಷ್ಟಷ್ಟೇ ಸೇರಿಸಿಕೊಳ್ಳಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ವಿಧಿಸುತ್ತದೆ. ಈ ಹಂತಗಳ ನಡುವೆ ಒಂದು, ಎರಡು, ಮೂರು ದಿನಗಳ ಅಂತರವಿರಬೇಕು. ಇದೇ ಪಾದಾಂಶಿಕ ಕ್ರಮ. ದಿನಗಳನ್ನು ವ್ಯಾಖ್ಯಾನಕಾರರು ಬೇರೆ ಬೇರೆಯಾಗಿ ಎಣಿಸುತ್ತಾರೆ. ಮನೆಮಂದಿಗೆ ಸುಲಭವಾದ ಎಣಿಕೆಯನ್ನು ಇಲ್ಲಿ ಹೇಳುತ್ತೇನೆ.

ದಿನಕ್ಕೆ ನಾಲ್ಕು ಲೋಟ ಚಹಾ ಕುಡಿಯುವವರೊಬ್ಬರು ಇದ್ದಾರೆನ್ನಿ. ಮೊದಲ ದಿನ ಸಂಜೆಯ ಕೊನೆಯ ಲೋಟವನ್ನು ಬಿಟ್ಟು, ಆ ಹೊತ್ತಿಗೆ ಕೊತ್ತಂಬರಿ-ಜೀರಿಗೆಯ ಬಿಸಿ ಕಷಾಯ ಕುಡಿಯಲಿ. ನಿದ್ರೆಯನ್ನು ಹೆಚ್ಚು ಕೆಡಿಸುವುದು ಆ ಲೋಟವೇ. ಎರಡನೆಯ ದಿನವೂ ಹಾಗೆಯೇ ಇರಲಿ. ಮೂರನೆಯ ದಿನ ಇನ್ನೊಂದು ಲೋಟ ಬಿಟ್ಟು ಎರಡು ದಿನ ತಡೆಯಲಿ. ಆರನೆಯ ದಿನ ಮತ್ತೊಂದನ್ನು ಬಿಡಲಿ. ವಾರ ಮುಗಿಯುವಾಗ ಬೆಳಗಿನ ಒಂದೇ ಲೋಟ ಉಳಿದಿರುತ್ತದೆ. ಬೇಕೆಂದರೆ ಹತ್ತನೆಯ ದಿನ ಅದನ್ನೂ ಬಿಡಬಹುದು. ಅಲ್ಲಿಗೇ ನಿಂತರೂ ಅದು ಸೋಲಲ್ಲ.

ನಾಲ್ಕನ್ನೂ ಒಮ್ಮೆಗೇ ಬಿಟ್ಟವರಿಗೆ ಮರುದಿನವೇ ತಲೆನೋವು, ಮಂಕು, ಸಿಡುಕು ಬರಬಹುದು. ಕೆಲವರಿಗೆ ಮಲಬದ್ಧತೆಯೂ ಆಗುತ್ತದೆ. ಆಗ ‘ನನಗೆ ಚಹಾ ಬೇಕೇ ಬೇಕು’ ಎಂದುಕೊಂಡು ಮತ್ತೆ ನಾಲ್ಕಕ್ಕೇ ಮರಳುತ್ತಾರೆ. ಕ್ರಮವಾಗಿ ಬಿಡುವಾಗಲೂ ಈ ಲಕ್ಷಣಗಳು ಕಂಡರೆ ಹೆಜ್ಜೆ ದೊಡ್ಡದಾಯಿತೆಂದು ತಿಳಿಯಬೇಕು. ಹಿಂದಕ್ಕೆ ಹೋಗದೆ ಅದೇ ಹಂತದಲ್ಲಿ ಇನ್ನೆರಡು ದಿನ ನಿಲ್ಲಬೇಕು. ‘ತಾಳಿದವನು ಬಾಳಿಯಾನು’ ಎಂಬ ಮಾತಿಗೆ ಇಲ್ಲಿ ಇದೇ ಅರ್ಥ.

ಈ ಕ್ರಮಕ್ಕೆ ಮಿತಿಯೂ ಉಂಟು. ಮಧುಮೇಹ, ರಕ್ತದೊತ್ತಡಗಳ ಮಾತ್ರೆಗಳನ್ನು ಹೀಗೆ ತಾವೇ ಕಡಿಮೆ ಮಾಡಿಕೊಳ್ಳಬಾರದು. ಬಹುಕಾಲದಿಂದ ನಿತ್ಯ ಮದ್ಯ ಸೇವಿಸುವವರು ವೈದ್ಯರ ನಿಗಾದಲ್ಲಿಯೇ ಅದನ್ನು ಬಿಡಬೇಕು. ಅಂಥವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಬಂದು ಪ್ರಾಣಾಪಾಯವೂ ಆದೀತು.

‘ಹನಿ ಹನಿ ಕೂಡಿದರೆ ಹಳ್ಳ’ ಎನ್ನುತ್ತಾರೆ. ಈ ವಾರ ಒಂದೇ ಅಭ್ಯಾಸವನ್ನು ಆರಿಸಿಕೊಂಡು, ಅದರ ಕಾಲು ಭಾಗವನ್ನಷ್ಟೇ ಬಿಡಿರಿ. ರಾತ್ರಿಯೂಟದ ಯೋಚನೆ ಫೆಬ್ರುವರಿಗೆ ಇರಲಿ.